ಪ್ಲೇಸ್ಟೇಷನ್ ಪ್ಲಸ್ ನಿಲ್ಲಿಸಿದರೆ ಆ 'ಫ್ರೀ' ಆಟಗಳಿಗೆ ಏನಾಗುತ್ತದೆ?

ಪ್ಲೇಸ್ಟೇಷನ್ ಪ್ಲಸ್ ಸದಸ್ಯರಿಗೆ ಪ್ರತಿ ತಿಂಗಳು ಕೆಲವು ಆಟಗಳು ಸಿಗುತ್ತವೆ. ತಿಂಗಳ ಮೊದಲ ಮಂಗಳವಾರ ಹಳೆಯವು ಹೋಗಿ ಹೊಸವು ಬರುವುದು ವಾಡಿಕೆ. ಅಷ್ಟರೊಳಗೆ `Add to Library` ಒತ್ತಿದರೆ ಆಟ ನಿಮ್ಮ ಲೈಬ್ರರಿಗೆ ಸೇರುತ್ತದೆ. ಡೌನ್‌ಲೋಡ್ ಮಾಡಲೇಬೇಕು ಅಂತಿಲ್ಲ. ಇಲ್ಲಿ ತಿಳಿಯಬೇಕಾದ ಮುಖ್ಯ ವಿಷಯ ಇದು: ನಿಮಗೆ ಸಿಕ್ಕಿದ್ದು ಸದಸ್ಯತ್ವ ಇರುವವರೆಗೆ ಮಾತ್ರ ನಡೆಯುವ ಲೈಸೆನ್ಸ್. ಸದಸ್ಯತ್ವ ಮುಗಿದರೆ ಆಟ ಲೈಬ್ರರಿಯಲ್ಲೇ ಇರುತ್ತದೆ, ಆದರೆ ಅದರ ಮೇಲೆ ಬೀಗದ ಗುರುತು ಬರುತ್ತದೆ. ಕನ್ಸೋಲ್‌ನಲ್ಲಿ ಇನ್‌ಸ್ಟಾಲ್ ಆಗಿದ್ದರೂ ತೆರೆಯುವುದಿಲ್ಲ.

ಒಂದು ಉದಾಹರಣೆ ತೆಗೆದುಕೊಳ್ಳೋಣ. ಒಬ್ಬರ ಎಸೆನ್ಷಿಯಲ್, ಅಂದರೆ ಪ್ಲಸ್‌ನ ಮೊದಲ ಹಂತದ ಸದಸ್ಯತ್ವ 2025ರ ಮಾರ್ಚ್ 20ಕ್ಕೆ ಮುಗಿಯುತ್ತದೆ ಅಂದುಕೊಳ್ಳಿ. ಜನವರಿಯಲ್ಲಿ ಬಂದ 'ನೀಡ್ ಫಾರ್ ಸ್ಪೀಡ್ ಹಾಟ್ ಪರ್ಸ್ಯೂಟ್ ರೀಮಾಸ್ಟರ್ಡ್', ಫೆಬ್ರವರಿಯ 'ಪೇಡೇ 3' ಎರಡನ್ನೂ ಅವರು ಸೇರಿಸಿಕೊಂಡಿದ್ದಾರೆ. ಮಾರ್ಚ್ 5ರಂದು ರಿನ್ಯೂವಲ್ ನಿಲ್ಲಿಸುತ್ತಾರೆ. ಪಿಎಸ್5ನಲ್ಲಿ ದಾರಿ ಹೀಗಿದೆ: `Settings > Users and Accounts > Account > Payment and Subscriptions > Subscriptions`. ಅಲ್ಲಿ ಪ್ಲೇಸ್ಟೇಷನ್ ಪ್ಲಸ್ ಆರಿಸಿ ಆಟೋ ರಿನ್ಯೂ ಆಫ್ ಮಾಡಬೇಕು.

ಆಫ್ ಮಾಡಿದ ತಕ್ಷಣ ಏನೂ ಹೋಗುವುದಿಲ್ಲ. ದುಡ್ಡು ಕಟ್ಟಿದ ಅವಧಿ ಮುಗಿಯುವ ತನಕ ಎಲ್ಲವೂ ಮೊದಲಿನಂತೆಯೇ. ಹಾಗಾಗಿ ಮಾರ್ಚ್ 4ಕ್ಕೆ ಬಂದ 'ಡ್ರ್ಯಾಗನ್ ಏಜ್: ದಿ ವೇಲ್‌ಗಾರ್ಡ್' ಕೂಡ ಅವರಿಗೆ ಸಿಗುತ್ತದೆ. ಅದನ್ನು ಸೇರಿಸಿಕೊಂಡೇ ಬಿಡಿ ಎಂಬುದು ನನ್ನ ಸಲಹೆ, ಈಗ ಆಡುವ ಮನಸ್ಸಿಲ್ಲದಿದ್ದರೂ ಸರಿ. ಕಾರಣ ಇದೆ. ಮಾರ್ಚ್ 20ರ ನಂತರ ಮೂರೂ ಆಟಗಳಿಗೆ ಬೀಗ ಬೀಳುತ್ತದೆ. ಜೂನ್‌ನಲ್ಲಿ ಅದೇ ಅಕೌಂಟ್‌ನಿಂದ ಮತ್ತೆ ಸದಸ್ಯರಾದರೆ ಮೂರೂ ತೆರೆದುಕೊಳ್ಳುತ್ತವೆ. ಆದರೆ ಏಪ್ರಿಲ್, ಮೇ ತಿಂಗಳ ಆಟಗಳು ಸಿಗುವುದಿಲ್ಲ. ಆಗ ಸದಸ್ಯತ್ವ ಇರಲಿಲ್ಲ, ಸೇರಿಸಿಕೊಂಡೂ ಇರಲಿಲ್ಲ ಅಲ್ವಾ?

ಮೇಲಿನ ಹಂತಗಳಾದ ಎಕ್ಸ್‌ಟ್ರಾ ಅಥವಾ ಡೀಲಕ್ಸ್ ಇರುವವರು ಇನ್ನೊಂದನ್ನು ಬೇರೆಯಾಗಿ ನೋಡಬೇಕು. ಅಲ್ಲಿ ತಿಂಗಳ ಆಟಗಳ ಜೊತೆಗೆ ಗೇಮ್ ಕ್ಯಾಟಲಾಗ್ ಅನ್ನುವ ಆಟಗಳ ಸಂಗ್ರಹವೂ ಬರುತ್ತದೆ, ಅದಕ್ಕೆ ಈ ನಿಯಮ ಇಲ್ಲ. ಕ್ಯಾಟಲಾಗ್‌ನಿಂದ ಒಂದು ಆಟವನ್ನು ತೆಗೆದುಹಾಕಿದರೆ, ಸದಸ್ಯತ್ವ ನಡೆಯುತ್ತಿದ್ದರೂ ಅದು ಮುಚ್ಚುತ್ತದೆ. ಮತ್ತೆ ಸೇರಿದರೂ ವಾಪಸ್ ಬರುವುದಿಲ್ಲ. ಎಕ್ಸ್‌ಟ್ರಾದಿಂದ ಎಸೆನ್ಷಿಯಲ್‌ಗೆ ಇಳಿದರೆ ತಿಂಗಳ ಆಟಗಳು ಉಳಿಯುತ್ತವೆ, ಕ್ಯಾಟಲಾಗ್ ಆಟಗಳಿಗೆ ಬೀಗ ಬೀಳುತ್ತದೆ.

ದುಡ್ಡು ಕೊಟ್ಟು ಕೊಂಡದ್ದು ಮಾತ್ರ ನಿಮ್ಮದೇ. ಸದಸ್ಯರ ರಿಯಾಯಿತಿಯಲ್ಲಿ ಕೊಂಡ ಆಟವೂ ಹಾಗೆಯೇ ಉಳಿಯುತ್ತದೆ. ಆದರೆ ತಿಂಗಳ ಆಟವೊಂದಕ್ಕೆ ಡಿಎಲ್‌ಸಿ, ಅಂದರೆ ಆಟಕ್ಕೆ ಸೇರಿಸುವ ಹೆಚ್ಚುವರಿ ಭಾಗ ಕೊಂಡಿದ್ದರೆ ತೊಡಕಿದೆ. ಡಿಎಲ್‌ಸಿ ನಿಮ್ಮ ಹೆಸರಲ್ಲೇ ಇರುತ್ತದೆ, ಆದರೆ ಮೂಲ ಆಟವೇ ತೆರೆಯದಿದ್ದರೆ ಅದು ಸುಮ್ನೆ ಕೂತಿರುತ್ತದೆ. ಆ ಆಟವನ್ನು ಆಮೇಲೆ ಕೊಂಡರೆ ಮತ್ತೆ ಕೆಲಸಕ್ಕೆ ಬರುತ್ತದೆ. ಸದಸ್ಯತ್ವ ಬಿಡುವ ಯೋಚನೆ ಇರುವವರು ಇಂಥ ಆಟಕ್ಕೆ ಡಿಎಲ್‌ಸಿ ಕೊಳ್ಳುವ ಮೊದಲು ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ನನ್ನ ಪ್ರಕಾರ ಆಟಕ್ಕಿಂತ ಜಾಸ್ತಿ ಕಾಳಜಿ ಬೇಕಾದದ್ದು ಸೇವ್ ಡೇಟಾಗೆ. ಬೀಗ ಬಿದ್ದ ಆಟ ಮತ್ತೆ ತೆರೆಯಬಹುದು, ಅಳಿಸಿಹೋದ ಆಟದ ಪ್ರಗತಿ ಮರಳುವುದಿಲ್ಲ. ಕನ್ಸೋಲ್‌ನಲ್ಲಿರುವ ಸೇವ್‌ಗಳಿಗೆ ಸದಸ್ಯತ್ವ ಮುಗಿದರೂ ಏನೂ ಆಗುವುದಿಲ್ಲ, ಟ್ರೋಫಿಗಳಿಗೂ ಅಷ್ಟೇ. ಆದರೆ ಕ್ಲೌಡ್ ಸ್ಟೋರೇಜ್ ಸದಸ್ಯರಿಗೆ ಮಾತ್ರ. ಅಲ್ಲಿರುವ ಸೇವ್‌ಗಳನ್ನು ಸದಸ್ಯತ್ವ ಮುಗಿದ ಮೇಲೆ ಸೋನಿ 6 ತಿಂಗಳು ಮಾತ್ರ ಇಟ್ಟುಕೊಳ್ಳುತ್ತದೆ. ಪಿಎಸ್4 ಆಟಗಳ ಸೇವ್ ಅನ್ನು ಯುಎಸ್‌ಬಿಗೆ ಕಾಪಿ ಮಾಡಬಹುದು. ಪಿಎಸ್5 ಆಟಗಳದ್ದಕ್ಕೆ ಆ ಸೌಲಭ್ಯ ಇಲ್ಲ. ಅದಕ್ಕೇ ಸದಸ್ಯತ್ವ ಮುಗಿಯುವ ಮೊದಲು ಕ್ಲೌಡ್‌ನಲ್ಲಿ ಮಾತ್ರ ಇರುವ ಸೇವ್‌ಗಳನ್ನು ಕನ್ಸೋಲ್‌ಗೆ ಇಳಿಸಿಕೊಳ್ಳಿ. ಜಾಗ ಮಾಡಲು ಆಟವನ್ನು ಡಿಲೀಟ್ ಮಾಡಬಹುದು, ಸೇವ್ ಡೇಟಾ ಬೇರೆ ಕಡೆ ಇರುತ್ತದೆ. ಅದನ್ನು ಮುಟ್ಟಬೇಡಿ.

ಪಿಸಿ ಕಡೆ ಲೆಕ್ಕ ಬೇರೆ. ಹಂಬಲ್ ಚಾಯ್ಸ್ ಎಂಬ ತಿಂಗಳ ಸದಸ್ಯತ್ವದಲ್ಲಿ ಸಿಗುವ ಸ್ಟೀಮ್ ಕೀ ಒಮ್ಮೆ ಸ್ಟೀಮ್‌ಗೆ ಹಾಕಿದರೆ, ಸದಸ್ಯತ್ವ ಬಿಟ್ಟರೂ ಆಟ ನಿಮ್ಮ ಸ್ಟೀಮ್ ಲೈಬ್ರರಿಯಲ್ಲೇ ಉಳಿಯುತ್ತದೆ. ಎಪಿಕ್ ಸ್ಟೋರ್ ಉಚಿತವಾಗಿ ಕೊಡುವ ಆಟಗಳಿಗಂತೂ ಸದಸ್ಯತ್ವವೇ ಬೇಡ. ಮೈಕ್ರೋಸಾಫ್ಟ್‌ನ ಪಿಸಿ ಗೇಮ್ ಪಾಸ್ ಸದಸ್ಯತ್ವ ಮಾತ್ರ ಕ್ಯಾಟಲಾಗ್ ಥರ, ನಿಲ್ಲಿಸಿದರೆ ಅದರಲ್ಲಿನ ಆಟಗಳು ತೆರೆಯುವುದಿಲ್ಲ.

ಮತ್ತೆ ಪ್ಲೇಸ್ಟೇಷನ್ ಪ್ಲಸ್‌ಗೆ ಸೇರಿದ ಮೇಲೂ ತಿಂಗಳ ಆಟದ ಮೇಲೆ ಬೀಗ ಹಾಗೇ ಇದ್ದರೆ, ಆಟ ಸೇರಿಸಿಕೊಂಡ ಅಕೌಂಟ್‌ನಲ್ಲೇ ಇದ್ದೀರಾ ಅಂತ ಮೊದಲು ನೋಡಿ. ಅದು ಸರಿಯಿದ್ದರೆ `Settings > Users and Accounts > Other > Restore Licenses` ಒತ್ತಿ, ಆಟವನ್ನು ಮತ್ತೆ ತೆರೆದು ನೋಡಿ.