ಗಂಟಲಿಗೆ ಹೊಡೆದ ಸ್ಪ್ರೇ, ಚಾಕೊಲೇಟ್ ಬಣ್ಣಕ್ಕೆ ತಿರುಗಿದ ರಕ್ತ

ಕೊರೊನಾ ಕಾಲದಲ್ಲಿ ಕೊಂಡ ಪಲ್ಸ್ ಆಕ್ಸಿಮೀಟರ್ ಇನ್ನೂ ಎಷ್ಟೋ ಮನೆಗಳ ಡ್ರಾಯರಿನಲ್ಲಿದೆ. ಬೆರಳಿಗೆ ಸಿಕ್ಕಿಸಿದರೆ 97, 98 ಅಂತ ತೋರಿಸುತ್ತಿತ್ತು, ನಾವು ನಿಟ್ಟುಸಿರು ಬಿಡುತ್ತಿದ್ದೆವು. ಆ ಯಂತ್ರ ಎಡವುವ ಒಂದು ಜಾಗವಿದೆ. ಅದಕ್ಕೂ ಗಂಟಲು ಮರಗಟ್ಟಿಸುವ ಸ್ಪ್ರೇಗೂ ನಂಟಿದೆ.

ಅಮೆರಿಕದ ಆಸ್ಪತ್ರೆಗಳಲ್ಲಿ ಮತ್ತೆ ಮತ್ತೆ ನಡೆದ ಘಟನೆಯ ಸ್ವರೂಪ ಹೀಗಿರುತ್ತಿತ್ತು. ಹೃದಯದ ಕವಾಟ ಸರಿಯಾಗಿ ನೋಡಬೇಕು ಅಂತ ರೋಗಿಯ ಗಂಟಲಿನ ಮೂಲಕ ಅನ್ನನಾಳಕ್ಕೆ ಕೊಳವೆ ಇಳಿಸಿ ಎಕೋ ಮಾಡುತ್ತಾರೆ. ಕೊಳವೆ ಇಳಿಯುವಾಗ ಓಕರಿಕೆ ಬರಬಾರದಲ್ವಾ, ಅದಕ್ಕೆ ಮೊದಲು ಗಂಟಲಿಗೆ 20% ಬೆಂಜೊಕೇನ್ ಸ್ಪ್ರೇ ಹೊಡೆಯುತ್ತಾರೆ. ಪರೀಕ್ಷೆ ಸಲೀಸಾಗಿ ಮುಗಿಯುತ್ತದೆ. ಅರ್ಧ ಗಂಟೆಯೊಳಗೆ ರೋಗಿಯ ತುಟಿ ಬೂದು ಬಣ್ಣಕ್ಕೆ ತಿರುಗುತ್ತದೆ. ಆಕ್ಸಿಮೀಟರ್ 86 ತೋರಿಸುತ್ತದೆ. ಮಾಸ್ಕ್ ಹಾಕಿ ಪೂರ್ತಿ ಆಮ್ಲಜನಕ ಕೊಟ್ಟರೂ 86 ಕದಲುವುದಿಲ್ಲ. ಶ್ವಾಸಕೋಶ ಆಲಿಸಿದರೆ ಚೊಕ್ಕವಾಗಿದೆ. ಪರೀಕ್ಷೆಗೆಂದು ರಕ್ತ ಎಳೆದರೆ ಸಿರಿಂಜಿನಲ್ಲಿ ಕೆಂಪು ಇಲ್ಲ, ಕರಗಿದ ಚಾಕೊಲೇಟಿನ ಬಣ್ಣ.

ಇದನ್ನು ಹಿಂದೆ ನೋಡಿರುವ ಡಾಕ್ಟರಾದರೆ ಅಲ್ಲೇ ಒಂದು ಸಣ್ಣ ಪರೀಕ್ಷೆ ಮಾಡುತ್ತಾರೆ. ಬಿಳಿ ಶೋಧಕ ಕಾಗದದ ಮೇಲೆ ಆ ರಕ್ತದ ಒಂದು ಹನಿ, ಪಕ್ಕದಲ್ಲಿ ಆರೋಗ್ಯವಾಗಿರುವ ಯಾರದಾದರೂ ಒಂದು ಹನಿ. ಎರಡನೆಯದು ಗಾಳಿಗೆ ಕೆಂಪಗೆ ಹೊಳೆಯುತ್ತದೆ. ಮೊದಲನೆಯದು ಕಂದು ಬಣ್ಣದಲ್ಲೇ ಉಳಿಯುತ್ತದೆ.

ಇದರ ಹೆಸರು ಮೆಥೆಮೊಗ್ಲೋಬಿನೀಮಿಯಾ. ಹೆಸರು ಉದ್ದ, ವಿಷಯ ಸರಳ. ರಕ್ತದಲ್ಲಿ ಆಮ್ಲಜನಕ ಹೊರುವ ಹಿಮೋಗ್ಲೋಬಿನ್ ಒಳಗೆ ಕಬ್ಬಿಣದ ಪರಮಾಣು ಇರುತ್ತದೆ. ಆ ಕಬ್ಬಿಣ ಒಂದು ಎಲೆಕ್ಟ್ರಾನ್ ಕಳೆದುಕೊಂಡರೆ ಆಮ್ಲಜನಕವನ್ನು ಹಿಡಿಯಲಾರದು. ತುಕ್ಕು ಹಿಡಿದ ಹಾಗೆ ಅಂದುಕೊಳ್ಳಿ. ಹಾಗೆ ಕೆಟ್ಟ ಹಿಮೋಗ್ಲೋಬಿನ್ನೇ ಮೆಥೆಮೊಗ್ಲೋಬಿನ್. ಇನ್ನೊಂದು ತೊಂದರೆಯೂ ಜೊತೆಗೆ ಬರುತ್ತದೆ. ಪಕ್ಕದಲ್ಲಿರುವ ಒಳ್ಳೆಯ ಕಬ್ಬಿಣ ತಾನು ಹಿಡಿದ ಆಮ್ಲಜನಕವನ್ನು ಬಿಗಿಯಾಗಿ ಹಿಡಿದುಕೊಂಡು, ಮೈಯ ಅಂಗಾಂಗಗಳಿಗೆ ಬಿಟ್ಟುಕೊಡುವುದಿಲ್ಲ. ಹಾಗಾಗಿ ಕಾಲು ಭಾಗ ಕೆಟ್ಟರೆ ಕಾಲು ಭಾಗದಷ್ಟೇ ನಷ್ಟ ಅಂತ ಲೆಕ್ಕ ಹಾಕಲಾಗದು. ಅದಕ್ಕಿಂತ ಜಾಸ್ತಿ.

ಆಕ್ಸಿಮೀಟರ್ ಎಡವುವುದೂ ಇಲ್ಲೇ. ಅದು ಎರಡು ಬಗೆಯ ಬೆಳಕನ್ನು ಬೆರಳಿನ ಮೂಲಕ ಹಾಯಿಸಿ, ಯಾವ ಬೆಳಕನ್ನು ರಕ್ತ ಎಷ್ಟು ಹೀರಿಕೊಂಡಿತು ಎಂದು ಹೋಲಿಸುತ್ತದೆ. ಮೆಥೆಮೊಗ್ಲೋಬಿನ್ ಎರಡನ್ನೂ ಹೆಚ್ಚುಕಮ್ಮಿ ಒಂದೇ ಸಮ ಹೀರುತ್ತದೆ. ಯಂತ್ರದ ಲೆಕ್ಕದಲ್ಲಿ ಹಾಗೆ ಸಮ ಬಂದರೆ 85 ಎಂದರ್ಥ. ಹಾಗಾಗಿ ನಿಜವಾದ ಸ್ಥಿತಿ ಎಷ್ಟೇ ಕೆಟ್ಟಿದ್ದರೂ ಅಂಕಿ 85ರ ಆಸುಪಾಸಿನಲ್ಲೇ ನಿಂತುಬಿಡಬಹುದು. ಸರಿಯಾದ ಅಳತೆ ಸಿಗಬೇಕಾದರೆ ಹೆಚ್ಚು ಬಗೆಯ ಬೆಳಕು ಬಳಸುವ ಕೋ-ಆಕ್ಸಿಮೀಟರ್ ಎಂಬ ಯಂತ್ರಕ್ಕೆ ರಕ್ತ ಕೊಡಬೇಕು.

ಇನ್ನು ಬೆಂಜೊಕೇನ್ ಹೊಸ ಮದ್ದೇನೂ ಅಲ್ಲ. 1884ರಲ್ಲಿ ಕಾರ್ಲ್ ಕೊಲ್ಲರ್ ಕಣ್ಣಿನ ಶಸ್ತ್ರಚಿಕಿತ್ಸೆಗೆ ಕೊಕೇನ್ ಬಳಸಿ ತೋರಿಸಿದ ಮೇಲೆ, ಚಟ ಹತ್ತಿಸದ ಮರಗಟ್ಟುವ ಮದ್ದಿಗಾಗಿ ಹುಡುಕಾಟ ಶುರುವಾಯಿತು. 1890ರಲ್ಲಿ ಜರ್ಮನಿಯ ಎಡ್ವರ್ಡ್ ರಿಟ್ಸರ್ಟ್ ಇದನ್ನು ತಯಾರಿಸಿದ. ಇದು ನೀರಿನಲ್ಲಿ ಸರಿಯಾಗಿ ಕರಗುವುದಿಲ್ಲ, ಅದಕ್ಕೇ ಇಂಜೆಕ್ಷನ್ನಿಗೆ ಆಗಿಬರಲಿಲ್ಲ. ಮೇಲೆ ಮೇಲೆ ಹಚ್ಚಲು ಮಾತ್ರ ಲಾಯಕ್ಕು ಎಂದಾಯಿತು. ನನಗನ್ನಿಸುವುದು, ಮೇಲೆ ಹಚ್ಚುವುದು ತಾನೇ, ಏನಾಗುತ್ತೆ ಎನ್ನುವ ನಂಬಿಕೆ ಬೇರೂರಿದ್ದೂ ಇದರಿಂದಲೇ. ಆದರೆ ಬಾಯಿ, ಗಂಟಲಿನ ಒಳಪದರ ಅಂಗೈ ಚರ್ಮದಂತಲ್ಲ. ಅಲ್ಲಿಂದ ಮದ್ದು ಬೇಗ ರಕ್ತಕ್ಕೆ ಇಳಿಯುತ್ತದೆ, ಹುಣ್ಣು, ಊತ ಇದ್ದರೆ ಇನ್ನೂ ಬೇಗ. ಮೈಯೊಳಗೆ ಅದು ಒಡೆದಾಗ ಹುಟ್ಟುವ ಕೆಲವು ಚೂರುಗಳೇ ಕಬ್ಬಿಣವನ್ನು ಕೆಡಿಸುವುದು.

ಹೀಗೆ ಹಿಮೋಗ್ಲೋಬಿನ್ ಕೆಟ್ಟು ಮಗು ನೀಲಿಗಟ್ಟುವುದು ಡಾಕ್ಟರುಗಳಿಗೆ ಬೇರೆ ದಾರಿಯಿಂದ ಮೊದಲೇ ಗೊತ್ತಿತ್ತು. 1945ರಲ್ಲಿ ಅಮೆರಿಕದ ಅಯೋವಾದಲ್ಲಿ ಹಂಟರ್ ಕಾಮ್ಲಿ ಎಂಬ ವೈದ್ಯ, ಹೊಲದ ಬಾವಿ ನೀರಿನಲ್ಲಿ ಹಾಲಿನ ಪುಡಿ ಕಲಸಿ ಕುಡಿಸಿದ ಕೂಸುಗಳು ನೀಲಿಗಟ್ಟಿದ್ದನ್ನು ಬರೆದ. ನೀರಿನಲ್ಲಿದ್ದ ನೈಟ್ರೇಟ್ ಅದಕ್ಕೆ ಕಾರಣ. ಅದೇ ನೀರು ಕುಡಿದ ದೊಡ್ಡವರಿಗೆ ಏನೂ ಆಗಿರಲಿಲ್ಲ. 1950ರ ಹೊತ್ತಿಗೆ ಬೆಂಜೊಕೇನಿನಿಂದಲೂ ಹೀಗಾಗುತ್ತದೆ ಎಂಬ ವರದಿ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಆಮೇಲೆ ಅಲ್ಲೊಂದು ಇಲ್ಲೊಂದು ಪ್ರಕರಣ ದಾಖಲಾಗುತ್ತಲೇ ಹೋಯಿತು. ತೀರಾ ಅಪರೂಪ ಆದ್ದರಿಂದ ಒಬ್ಬ ಡಾಕ್ಟರಿಗೆ ಜೀವಮಾನದಲ್ಲಿ ಒಂದೋ ಎರಡೋ ಕಂಡರೆ ಹೆಚ್ಚು. ಚದುರಿದ್ದನ್ನೆಲ್ಲ ಒಂದೆಡೆ ಸೇರಿಸಿ ಎಣಿಸುವವರು ಬೇಕಿತ್ತು.

ಆ ಎಣಿಕೆ 2004ರಲ್ಲಿ ಪ್ರಕಟವಾಯಿತು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎಗೆ 1997ರ ನವೆಂಬರಿನಿಂದ 2002ರ ಮಾರ್ಚಿವರೆಗೆ ಬಂದಿದ್ದ ಬೆಂಜೊಕೇನ್ ದೂರುಗಳನ್ನು ಸಂಶೋಧಕರು ಜಾಲಾಡಿದರು. 198 ದೂರುಗಳಲ್ಲಿ 132 ಖಚಿತವಾಗಿ ಇಲ್ಲವೇ ಬಹುಶಃ ಮೆಥೆಮೊಗ್ಲೋಬಿನೀಮಿಯಾ. ಇಬ್ಬರು ಸತ್ತಿದ್ದರು. ಆ 132ರಲ್ಲಿ ಹೆಚ್ಚಿನವು ಸ್ಪ್ರೇಯಿಂದಲೇ ಆದವು. ನನ್ನನ್ನು ತಡೆದು ನಿಲ್ಲಿಸಿದ್ದು ಇನ್ನೊಂದು ಅಂಕಿ. ಎಷ್ಟು ಹೊಡೆದರು ಎಂದು ಬರೆದಿದ್ದ 69 ಪ್ರಕರಣಗಳಲ್ಲಿ 37 ಮಂದಿಗೆ ಹೊಡೆದದ್ದು ಒಂದೇ ಒಂದು ಸಲ. ಮತ್ತೆ ಮತ್ತೆ ಹೊಡೆದಿರಬೇಕು ಎನ್ನುವ ಸಮಜಾಯಿಷಿ ಅಲ್ಲಿಗೆ ಮುಗಿಯಿತು.

ಜೊತೆಗೆ, ಸ್ಪ್ರೇಯಲ್ಲಿ 'ಒಂದು ಸಲ' ಎನ್ನುವುದಕ್ಕೆ ನಿಗದಿ ಅಳತೆಯೇ ಇಲ್ಲ. ಡಬ್ಬಿ ನೇರ ಹಿಡಿದಿರೋ ಓರೆ ಹಿಡಿದಿರೋ, ಒಳಗೆ ಎಷ್ಟು ಉಳಿದಿದೆ ಎನ್ನುವುದರ ಮೇಲೆ ಹೊರಬರುವ ಮದ್ದು ಬದಲಾಗುತ್ತದೆ ಎಂದು 2001ರಲ್ಲೇ ಅಳೆದು ತೋರಿಸಿದ್ದರು. ಗುಂಡಿಯನ್ನು ಅರ್ಧ ಸೆಕೆಂಡ್ ಒತ್ತುವುದಕ್ಕೂ ಎರಡು ಸೆಕೆಂಡ್ ಒತ್ತುವುದಕ್ಕೂ ನಾಲ್ಕು ಪಟ್ಟು ವ್ಯತ್ಯಾಸ. ಕೈಗೆ ಅದು ಗೊತ್ತೇ ಆಗುವುದಿಲ್ಲ.

2006ರ ಫೆಬ್ರುವರಿಯಲ್ಲಿ ಅಮೆರಿಕದ ಮಾಜಿ ಸೈನಿಕರ ಆಸ್ಪತ್ರೆಗಳ ಇಲಾಖೆ ಇಂಥ ಪರೀಕ್ಷೆಗಳಿಗೆ ಬೆಂಜೊಕೇನ್ ಸ್ಪ್ರೇ ಬೇಡ ಎಂದಿತು. ಅದೇ ತಿಂಗಳು ಎಫ್‌ಡಿಎ ಎಚ್ಚರಿಕೆ ಕೊಟ್ಟಿತು, ಆದರೆ ಮಾರುಕಟ್ಟೆಯಿಂದ ತೆಗೆಸಲಿಲ್ಲ. 2011ರ ಏಪ್ರಿಲಿನಲ್ಲಿ ಗಮನ ಮಕ್ಕಳ ಕಡೆ ತಿರುಗಿತು. ಹಲ್ಲು ಹುಟ್ಟುವಾಗ ಒಸಡಿಗೆ ಹಚ್ಚುವ ಜೆಲ್, ದ್ರವಗಳನ್ನು 2 ವರ್ಷದೊಳಗಿನವರಿಗೆ ಡಾಕ್ಟರ ಸಲಹೆ ಇಲ್ಲದೆ ಬಳಸಬೇಡಿ ಎಂದರು. ಜೆಲ್‌ಗಳು ಅಂಗಡಿಯಲ್ಲೇ ಉಳಿದವು. ಕೊನೆಗೆ 2018ರ ಮೇ 23ರಂದು ಮಾತು ಗಟ್ಟಿಯಾಯಿತು. 2 ವರ್ಷದೊಳಗಿನ ಮಕ್ಕಳಿಗೆ ಬಾಯಿ, ಗಂಟಲಿಗೆ ಬಳಸುವ ಬೆಂಜೊಕೇನ್ ಬೇಡವೇ ಬೇಡ, ಹಲ್ಲು ಹುಟ್ಟುವ ನೋವಿಗೆಂದು ಮಾರುವುದನ್ನು ನಿಲ್ಲಿಸಿ, ದೊಡ್ಡವರ ಡಬ್ಬಿಯ ಮೇಲೂ ಈ ಅಪಾಯ ಅಚ್ಚು ಹಾಕಿ ಎಂದು ಕಂಪನಿಗಳಿಗೆ ಹೇಳಿದರು. 1971ರಿಂದ 400ಕ್ಕೂ ಹೆಚ್ಚು ಪ್ರಕರಣಗಳು ಕಂಡಿದ್ದವು. 2009ರ ಫೆಬ್ರುವರಿಯಿಂದ 2017ರ ಅಕ್ಟೋಬರಿನ ನಡುವೆ 119, ಅದರಲ್ಲಿ ನಾಲ್ಕು ಸಾವು. ನಾಲ್ವರಲ್ಲಿ ಒಂದು ಕೂಸು.

ದೊಡ್ಡವರಿಗೂ ಆಗುತ್ತದೆ ಎಂದ ಮೇಲೆ ಮಕ್ಕಳಿಗೇ ಯಾಕೆ ಇಷ್ಟು ಕಟ್ಟುನಿಟ್ಟು? ಕೆಟ್ಟ ಕಬ್ಬಿಣವನ್ನು ಮತ್ತೆ ಸರಿ ಮಾಡುವ ಒಂದು ಕಿಣ್ವ ನಮ್ಮ ಕೆಂಪು ರಕ್ತಕಣದಲ್ಲಿದೆ. ಅದು ಸದಾ ದುಡಿಯುವುದರಿಂದಲೇ ಆರೋಗ್ಯವಂತರಲ್ಲಿ ಮೆಥೆಮೊಗ್ಲೋಬಿನ್ ಶೇ 1ಕ್ಕಿಂತ ಕಡಿಮೆ ಇರುತ್ತದೆ. ಹಸುಗೂಸಿನಲ್ಲಿ ಈ ಕಿಣ್ವದ ಶಕ್ತಿ ದೊಡ್ಡವರ ಅರ್ಧದಷ್ಟು. ಅದು ಬಲಿಯಲು ಕೆಲವು ತಿಂಗಳು ಬೇಕು. ಹುಟ್ಟುವಾಗ ಇರುವ ಹಿಮೋಗ್ಲೋಬಿನ್ ಬಗೆ ಕೂಡ ಬೇಗ ಕೆಡುವಂಥದ್ದು.

ಹಾಗಾದರೆ ಒಂದೂವರೆ ವರ್ಷದ ಮಗುವಿಗೆ? ಕಿಣ್ವ ಬಲಿತಿರುತ್ತದೆ, ನಿಜ. ಆದರೆ ತೂಕ ನೋಡಿ. 20% ಜೆಲ್ ಎಂದರೆ ಒಂದು ಗ್ರಾಂನಲ್ಲಿ 200 ಮಿಲಿಗ್ರಾಂ ಬೆಂಜೊಕೇನ್. ಬೆರಳ ತುದಿಯಲ್ಲಿ ಅರ್ಧ ಗ್ರಾಂ ತೆಗೆದು ಹಚ್ಚಿದರೆ 100 ಮಿಲಿಗ್ರಾಂ. 60 ಕಿಲೋ ತೂಕದ ಅಮ್ಮನಿಗೆ ಅದು ಕಿಲೋಗೆ 2 ಮಿಲಿಗ್ರಾಂಗೂ ಕಡಿಮೆ. 10 ಕಿಲೋ ಮಗುವಿಗೆ ಕಿಲೋಗೆ 10. ಜೊಲ್ಲಿನಲ್ಲಿ ಜೆಲ್ ಬೇಗ ತೊಳೆದುಹೋಗುತ್ತದೆ, ಮಗು ಮತ್ತೆ ಅಳುತ್ತದೆ, ನಾವು ಮತ್ತೆ ಹಚ್ಚುತ್ತೇವೆ. ಸ್ಪ್ರೇ ಆದರೆ ಅಳುತ್ತಾ ತಲೆ ಕೊಡವುವ ಮಗುವಿನ ಬಾಯಿಗೆ ಎಷ್ಟು ಹೋಯಿತು ಅಂತ ಯಾರು ಹೇಳಬೇಕು? ಗಂಟಲು ಮರಗಟ್ಟಿದ ಮಗು ಹಾಲು ನುಂಗುವಾಗ ನೆತ್ತಿಗೆ ಹತ್ತುವ ಭಯ ಬೇರೆ. ತಲೆ ಸುತ್ತುತ್ತಿದೆ, ಉಸಿರು ಸಾಲುತ್ತಿಲ್ಲ ಅಂತ ಹೇಳಲೂ ಅದಕ್ಕೆ ಬರುವುದಿಲ್ಲ.

ನಮ್ಮ ಕಡೆ ಬೆಂಜೊಕೇನ್ ಹೆಚ್ಚಾಗಿ ಕಾಣುವುದು ಬಾಯಿಹುಣ್ಣಿನ ಜೆಲ್‌ನಲ್ಲಿ. ಮೆಡಿಕಲ್ ಶಾಪಿನಲ್ಲಿ 20%ನದೇ ಸಿಗುತ್ತದೆ. ಅಮೆರಿಕದಲ್ಲಿರುವ ಮಗಳೋ ಅಳಿಯನೋ ತಂದುಕೊಟ್ಟ ಗಂಟಲ ಸ್ಪ್ರೇ ಇದ್ದರೆ, ಡಬ್ಬಿಯ ಹೆಸರು ಬಿಟ್ಟು ಹಿಂದಿನ ಸಣ್ಣ ಅಕ್ಷರ ಓದಿ. ಎಲ್ಲ ಗಂಟಲ ಸ್ಪ್ರೇಯಲ್ಲೂ ಬೆಂಜೊಕೇನ್ ಇರುವುದಿಲ್ಲ, ಕೆಲವದರಲ್ಲಿ ಫೀನಾಲ್ ಇರುತ್ತದೆ. ನಮ್ಮ ಮನೆಯಲ್ಲಿದ್ದ ಒಂದು ಟ್ಯೂಬಿನ ಅಕ್ಷರ ಓದಲು ನಾನು ಫೋನಿನಲ್ಲಿ ಫೋಟೋ ತೆಗೆದು ದೊಡ್ಡದು ಮಾಡಬೇಕಾಯಿತು.

ಹಚ್ಚಿ ಆಗಿಹೋಗಿದ್ದರೆ? ತೊಂದರೆ ಬರುವುದಿದ್ದರೆ ಕೆಲವು ನಿಮಿಷದಿಂದ ಒಂದೆರಡು ಗಂಟೆಯೊಳಗೆ ಬರುತ್ತದೆ. ಹಿಂದೆ ಹಚ್ಚಿದಾಗ ಏನೂ ಆಗಿರಲಿಲ್ಲ ಎನ್ನುವುದು ಧೈರ್ಯಕ್ಕೆ ಸಾಲದು, ಎಷ್ಟೋ ಸಲ ಬಳಸಿದ ಮೇಲೂ ಆದದ್ದಿದೆ. ಕಪ್ಪು, ಗೋಧಿ ಮೈಬಣ್ಣದಲ್ಲಿ ನೀಲಿ ಸುಲಭಕ್ಕೆ ಕಾಣುವುದಿಲ್ಲ. ತುಟಿಯ ಒಳಭಾಗ, ನಾಲಿಗೆ, ಉಗುರಿನ ಬುಡ ನೋಡಿ. ಅಲ್ಲಿ ಬೂದಿ ಬಣ್ಣ ಇದ್ದರೆ, ಮಗು ಸುಸ್ತಾಗಿ ಮಂಕಾಗಿದ್ದರೆ, ಏದುಸಿರು ಬಿಡುತ್ತಿದ್ದರೆ ಕಾಯುವುದು ಬೇಡ, ಎಮರ್ಜೆನ್ಸಿಗೆ ಹೋಗಿ. ಟ್ಯೂಬನ್ನೂ ಜೊತೆಗೆ ಒಯ್ಯಿರಿ. ಡಾಕ್ಟರಿಗೆ ಬೆಂಜೊಕೇನ್ ಎಂಬ ಒಂದು ಪದ ಕಿವಿಗೆ ಬಿದ್ದರೆ ಶ್ವಾಸಕೋಶ, ಹೃದಯ ಅಂತ ಹುಡುಕುವ ಸಮಯ ಉಳಿಯುತ್ತದೆ.

ಗುರುತಿಸಿಬಿಟ್ಟರೆ ಮದ್ದಿದೆ. ಮೆಥಿಲೀನ್ ಬ್ಲೂ, ಅಂದರೆ ಕಡು ನೀಲಿ ಬಣ್ಣದ ದ್ರಾವಣ. ಕಿಲೋ ತೂಕಕ್ಕೆ 1ರಿಂದ 2 ಮಿಲಿಗ್ರಾಂ ಲೆಕ್ಕದಲ್ಲಿ ಸುಮಾರು ಐದು ನಿಮಿಷ ನಿಧಾನವಾಗಿ ರಕ್ತನಾಳಕ್ಕೆ ಕೊಡುತ್ತಾರೆ. 10 ಕಿಲೋ ಮಗುವಿಗೆ 1% ದ್ರಾವಣದ ಒಂದೆರಡು ಮಿಲಿಲೀಟರ್ ಸಾಕು. ಸಾಮಾನ್ಯವಾಗಿ ಒಂದು ಗಂಟೆಯೊಳಗೆ ಮೈಬಣ್ಣ ತಿರುಗುತ್ತದೆ. ಜಿ6ಪಿಡಿ ಎಂಬ ಇನ್ನೊಂದು ಕಿಣ್ವದ ಕೊರತೆ ಇರುವವರಿಗೆ ಮಾತ್ರ ಇದು ಕೆಲಸ ಮಾಡುವುದಿಲ್ಲ, ರಕ್ತಕಣಗಳನ್ನೇ ಒಡೆಯಬಹುದು. ಮನೆಯಲ್ಲಿ ಯಾರಿಗಾದರೂ ಆ ಕೊರತೆ ಇದೆ ಎಂದು ಗೊತ್ತಿದ್ದರೆ ಅದನ್ನೂ ಬಾಗಿಲಲ್ಲೇ ಹೇಳಬೇಕು.

ಹಲ್ಲು ಹುಟ್ಟುವ ನೋವಿಗೆ ಎಫ್‌ಡಿಎ ಹೇಳಿದ್ದು ನಮ್ಮ ಅಜ್ಜಿಯರು ಮಾಡುತ್ತಿದ್ದದ್ದೇ: ತೊಳೆದ ಬೆರಳಿನಿಂದ ಒಸಡು ಮೆಲ್ಲಗೆ ಉಜ್ಜುವುದು. ಇಲ್ಲವೇ ಕಚ್ಚಲು ಗಟ್ಟಿ ರಬ್ಬರಿನ ಉಂಗುರ ಕೊಡುವುದು. ಪುಟ್ಟ ಮಕ್ಕಳ ಗಂಟಲು ನೋವಿಗೆ ಬೆಚ್ಚಗಿನ ನೀರು, ಗಂಜಿ ತಿಳಿ, ವರ್ಷ ತುಂಬಿದ್ದರೆ ಮಾತ್ರ ಜೇನು. ನೋವು ಜೋರಿದ್ದರೆ ತೂಕ ನೋಡಿ ಡಾಕ್ಟರು ಬರೆದಷ್ಟು ಪ್ಯಾರಸಿಟಮಾಲ್.