ಸಾರಾಂಶ ಕೇಳಿದ್ದಾರೆ, ಆದರೆ ಪಿಡಿಎಫ್‌ನಲ್ಲಿ ಇರುವುದು ಬರೀ ಫೋಟೊ

ಯಾರೋ ಒಂದು ಪಿಡಿಎಫ್ ಅಪ್‌ಲೋಡ್ ಮಾಡಿ "ಇದರ ಸಾರಾಂಶ ಬೇಕು" ಅಂತ ಕೇಳುತ್ತಾರೆ. ತೆರೆದು ನೋಡಿದರೆ ಅಕ್ಷರಗಳು ಚೆನ್ನಾಗಿಯೇ ಕಾಣುತ್ತವೆ. ಮೌಸ್ ಎಳೆದರೆ ಮಾತ್ರ ಒಂದು ಪದವೂ ಸೆಲೆಕ್ಟ್ ಆಗುವುದಿಲ್ಲ. ಕಳಿಸಿದವರಿಗೆ ಇದು ಗೊತ್ತಿರುವುದಿಲ್ಲ, ಅವರ ಕಣ್ಣಿಗೆ ಅದು ಓದಬಹುದಾದ ಕಾಗದವೇ. ಹಾಗಾಗಿ "ಫೈಲ್ ಖಾಲಿ ಇದೆ" ಅಂತ ಉತ್ತರ ಕೊಟ್ಟರೆ ಅವರಿಗೆ ಅರ್ಥವೇ ಆಗುವುದಿಲ್ಲ. ಇನ್ನೂ ಕೆಟ್ಟದ್ದು, ಫೈಲ್ ಹೆಸರು ನೋಡಿ ಒಳಗೆ ಏನಿರಬಹುದು ಅಂತ ಊಹಿಸಿ ಬರೆಯುವುದು. ಅದು ಸಾರಾಂಶವಲ್ಲ, ಕಟ್ಟುಕಥೆ.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಒಂದು ಸಹಕಾರ ಸಂಘದ ಮಹಾಸಭೆಯ ನಡಾವಳಿ, 12 ಪುಟ, ಕನ್ನಡದಲ್ಲಿ ಟೈಪ್ ಮಾಡಿ ಸಹಿ ಹಾಕಿ ಸ್ಕ್ಯಾನ್ ಮಾಡಿದ್ದು. ಮೊದಲು ಒಳಗೆ ಪಠ್ಯ ಇದೆಯೇ ಅಂತ ನೋಡಬೇಕು. ಪಾಪ್ಲರ್ ಅನ್ನುವ ಉಚಿತ ಪ್ಯಾಕೇಜ್‌ನಲ್ಲಿ ಇದಕ್ಕೆ ಬೇಕಾದ ಎರಡೂ ಆಜ್ಞೆಗಳಿವೆ.

```
pdftotext nadavali.pdf - | wc -c
pdfimages -list nadavali.pdf
```

ಮೊದಲನೆಯದು 12 ಅಂತ ತೋರಿಸುತ್ತದೆ. ಸೊನ್ನೆ ಅಲ್ಲ, 12! ಪ್ರತಿ ಪುಟದ ಕೊನೆಗೆ `pdftotext` ಒಂದು ಕಾಣದ ಅಕ್ಷರ ಹಾಕುತ್ತದೆ, ಪುಟ ಮುಗಿಯಿತು ಅಂತ ಹೇಳುವ `\f`. 12 ಪುಟಕ್ಕೆ 12 ಅಕ್ಷರ. "ಪಠ್ಯ ಖಾಲಿಯೇ?" ಅಂತ ಮಾತ್ರ ಕೇಳುವ ಪ್ರೋಗ್ರಾಂ ಇಲ್ಲೇ ಎಡವುತ್ತದೆ. ಏನೋ ಇದೆ ಅಂದುಕೊಂಡು ಮುಂದಕ್ಕೆ ಕಳಿಸಿಬಿಡುತ್ತದೆ. ಪೈಥಾನ್‌ನಲ್ಲಾದರೆ ಮೊದಲು `strip()` ಮಾಡಿ, ಆಮೇಲೆ ಅಳೆಯಿರಿ. ಅಳೆಯುವುದೂ ಪುಟ ಪುಟಕ್ಕೆ ಬೇರೆಬೇರೆ ಇರಲಿ, ಯಾಕೆಂದರೆ ಟೈಪ್ ಮಾಡಿದ ಫೈಲ್‌ಗೆ ನಡುವೆ ನಾಲ್ಕು ಸ್ಕ್ಯಾನ್ ಪುಟ ಸೇರಿಸಿದ ಪಿಡಿಎಫ್‌ಗಳು ಜಾಸ್ತಿ.

ಎರಡನೇ ಆಜ್ಞೆ ಪ್ರತಿ ಪುಟದ ಚಿತ್ರದ ಅಳತೆ ಹೇಳುತ್ತದೆ. ಎ4 ಪುಟದ ತುಂಬ 2480 × 3508 ಚುಕ್ಕೆಗಳ ಒಂದೇ ಚಿತ್ರ ಇದ್ದರೆ ಅದು ಇಂಚಿಗೆ 300 ಚುಕ್ಕೆಯ ಸ್ಕ್ಯಾನ್, ಒಳ್ಳೆಯದು. 1240 × 1754 ಇದ್ದರೆ 150 ಮಾತ್ರ. ಕನ್ನಡಕ್ಕೆ ಇದು ಕಷ್ಟ, ಏಕೆಂದರೆ ಒತ್ತಕ್ಷರಗಳು ಸಣ್ಣವು, ಮೊದಲು ಕಲೆಸಿಹೋಗುವುದು ಅವೇ.

ಇಲ್ಲಿ ಎರಡು ಮೋಸದ ಸಂದರ್ಭಗಳಿವೆ. ಕೆಲವು ಮೊಬೈಲ್ ಸ್ಕ್ಯಾನ್ ಆ್ಯಪ್‌ಗಳು ಪ್ರತಿ ಪುಟದ ಅಡಿಯಲ್ಲಿ ತಮ್ಮ ಹೆಸರಿನ ಒಂದು ಸಾಲು ಹಾಕುತ್ತವೆ. ಆ ಸಾಲು ನಿಜವಾದ ಪಠ್ಯವಾಗಿದ್ದರೆ ಪುಟದಲ್ಲಿ ಇಪ್ಪತ್ತು ಅಕ್ಷರ ಸಿಕ್ಕಂತಾಗುತ್ತದೆ, ಉಳಿದದ್ದೆಲ್ಲ ಫೋಟೊ. ಎಲ್ಲ ಪುಟದಲ್ಲೂ ಅದೇ ಸಾಲು ಬಂದಿದ್ದರೆ ಅನುಮಾನಪಡಿ. ಇನ್ನೊಂದು, ಹಳೆಯ ನುಡಿ ಅಥವಾ ಬರಹ ಫಾಂಟ್‌ನ ಫೈಲ್. ಅಲ್ಲಿ ಪಠ್ಯ ಸೆಲೆಕ್ಟ್ ಆಗುತ್ತದೆ, ಆದರೆ ಕಾಪಿ ಮಾಡಿದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು. ಅದಕ್ಕೆ ಬೇಕಾದ್ದು ಯುನಿಕೋಡ್‌ಗೆ ಬದಲಿಸುವ ಉಪಕರಣ. ಸಿಕ್ಕ ಅಕ್ಷರಗಳಲ್ಲಿ ಎಷ್ಟು `U+0C80`ರಿಂದ `U+0CFF`ರ ಒಳಗಿವೆ ಅಂತ ಎಣಿಸಿದರೆ ಇದು ತಕ್ಷಣ ಗೊತ್ತಾಗುತ್ತದೆ.

ಬರೀ ಫೋಟೊ ಅಂತ ಖಾತ್ರಿಯಾದ ಮೇಲೆ ಓಸಿಆರ್, ಅಂದರೆ ಚಿತ್ರದಿಂದ ಅಕ್ಷರ ಗುರುತಿಸುವ ಕೆಲಸ. ಈ ಕೆಲಸ ಮಾಡುವ ಟೆಸ್ಸೆರಾಕ್ಟ್ ಅನ್ನುವ ಪ್ರೋಗ್ರಾಂಗೆ ಕನ್ನಡ ಬರುತ್ತದೆ, ಆದರೆ ಅದರ ಭಾಷಾ ಫೈಲ್ `kan` ಅನ್ನು ಬೇರೆಯಾಗಿ ಹಾಕಿಕೊಳ್ಳಬೇಕು. ಅದನ್ನು ಪಿಡಿಎಫ್ ಮೇಲೆ ನೇರವಾಗಿ ಓಡಿಸಲು ಓಸಿಆರ್‌ಮೈಪಿಡಿಎಫ್ ಅನ್ನುವ ಇನ್ನೊಂದು ಉಪಕರಣ ಸುಲಭ.

```
ocrmypdf -l kan+eng --rotate-pages --deskew nadavali.pdf odida.pdf
pdftotext odida.pdf odida.txt
```

ಇದು ಅಡ್ಡ ತಿರುಗಿದ ಪುಟ ಸರಿಮಾಡುತ್ತದೆ, ಓರೆಯಾದ ಸಾಲು ನೇರ ಮಾಡುತ್ತದೆ, ಚಿತ್ರದ ಹಿಂದೆ ಕಾಣದ ಪಠ್ಯ ಸೇರಿಸುತ್ತದೆ. ಭಾಷೆ ಹೇಳದೆ ಬಿಟ್ಟರೆ ಸಾಮಾನ್ಯವಾಗಿ ಇಂಗ್ಲಿಷ್ ಅಂತಲೇ ಓದುತ್ತದೆ. ಆಗ ಕನ್ನಡ ಪುಟದಿಂದ ಕಸ ಬರುತ್ತದೆ, ಖಾಲಿ ಬರುವುದಿಲ್ಲ. ಆದ್ದರಿಂದ ಔಟ್‌ಪುಟ್ ತುಂಬಿದೆ ಅನ್ನುವುದು ಓದಿದೆ ಅನ್ನುವುದಕ್ಕೆ ಸಾಕ್ಷಿಯಲ್ಲ. ಕೆಲವು ಪುಟಗಳಲ್ಲಿ ಮೊದಲೇ ಪಠ್ಯ ಇದ್ದರೆ ಈ ಆಜ್ಞೆ ನಿಂತುಬಿಡುತ್ತದೆ. ಆಗ `--skip-text` ಕೊಟ್ಟರೆ ಅಂಥ ಪುಟ ಬಿಟ್ಟು ಉಳಿದದ್ದನ್ನು ಓದುತ್ತದೆ. ಆ್ಯಪ್ ಹೆಸರಿನ ಸಾಲಿರುವ ಫೈಲ್‌ಗೆ ಮಾತ್ರ ಇದು ಬೇಡ. ಎಲ್ಲ ಪುಟಗಳನ್ನೂ "ಪಠ್ಯ ಇದೆ" ಅಂತ ಬಿಟ್ಟುಬಿಡುತ್ತದೆ. ಅಲ್ಲಿ `--force-ocr` ಬೇಕು.

ಈಗ ಪಠ್ಯ ಸಿಕ್ಕಿದೆ. ನನ್ನ ಪ್ರಕಾರ ನಿಜವಾದ ಎಚ್ಚರ ಬೇಕಾದ್ದು ಇಲ್ಲಿಂದ. ಸಾಲುಗಳ ನಡುವೆ ಒಂದೆರಡು ಅಕ್ಷರ ತಪ್ಪಿದ್ದರೆ ಸಾರಾಂಶಕ್ಕೆ ಏನೂ ಆಗುವುದಿಲ್ಲ. ಆದರೆ ಸಾರಾಂಶ ಎತ್ತಿಕೊಳ್ಳುವುದು ಮೊತ್ತ, ದಿನಾಂಕ, ತೀರ್ಮಾನ. ತಪ್ಪು ಅಲ್ಲೇ ಕೂತಿದ್ದರೆ?

ಅಂಕಿಗಳನ್ನೇ ನೋಡಿ. ೬ ಮತ್ತು ೯ ಮಸುಕಾದ ಮುದ್ರಣದಲ್ಲಿ ಬಹಳ ಹತ್ತಿರ. ಸೊನ್ನೆ ೦ ಮತ್ತು ಅನುಸ್ವಾರ ಂ ನೋಡುವುದಕ್ಕೆ ಒಂದೇ, ಕಂಪ್ಯೂಟರ್‌ಗೆ ಬೇರೆ. ನಮ್ಮ ನಡಾವಳಿಯ 5ನೇ ಪುಟದಲ್ಲಿ ಗೋದಾಮಿನ ದುರಸ್ತಿಗೆ "ರೂ. ೧,೯೦,೦೦೦" ಅಂತ ಬಂದಿದೆ ಅಂದುಕೊಳ್ಳಿ. ಪಕ್ಕದಲ್ಲೇ "ಒಂದು ಲಕ್ಷ ಅರವತ್ತು ಸಾವಿರ ರೂಪಾಯಿ ಮಾತ್ರ" ಅಂತಲೂ ಇದೆ. ನಮ್ಮ ಕಡತಗಳಲ್ಲಿ ಮೊತ್ತವನ್ನು ಅಕ್ಷರದಲ್ಲೂ ಬರೆಯುವ ರೂಢಿ ಇರುವುದರಿಂದ ಈ ತಾಳೆ ಪುಕ್ಕಟೆಯಾಗಿ ಸಿಗುತ್ತದೆ. ಎರಡೂ ಹೊಂದದಿದ್ದರೆ ಮೂಲ ಚಿತ್ರವನ್ನು ದೊಡ್ಡದು ಮಾಡಿ ಕಣ್ಣಾರೆ ನೋಡಬೇಕು. ಅದು ೬ ಅಂತ ಅಲ್ಲಿ ತಿಳಿಯುತ್ತದೆ.

ತೀರ್ಮಾನದ ವಿಷಯ ಇನ್ನೂ ಸೂಕ್ಷ್ಮ. ಕನ್ನಡದಲ್ಲಿ ಆಯಿತೋ ಇಲ್ಲವೋ ಅನ್ನುವುದು ವಾಕ್ಯದ ತುದಿಯಲ್ಲಿ ಇರುತ್ತದೆ. "ಮಂಜೂರು ಮಾಡಲಾಗಿದೆ", "ಮಂಜೂರು ಮಾಡಲಾಗಿಲ್ಲ". ವ್ಯತ್ಯಾಸ ಕೊನೆಯ ಅಕ್ಷರದ್ದು ಮಾತ್ರ. ಆ ತುದಿಯ ಮೇಲೆ ಸೀಲು ಬಿದ್ದಿದ್ದರೆ, ಅಥವಾ ಸಾಲು ದಾರ ಹಾಕಿದ ಅಂಚಿನೊಳಗೆ ಹೋಗಿದ್ದರೆ, "ಮಂಜೂರು ಮಾಡಲಾಗಿ" ಅಂತ ಅರ್ಧಕ್ಕೆ ನಿಲ್ಲುತ್ತದೆ. ಸಾರಾಂಶ ಬರೆಯುವವರು ಸುಮ್ನೆ "ಮಂಜೂರಾಯಿತು" ಅಂತ ತುಂಬಿಕೊಳ್ಳುವುದು ಬಹಳ ಸುಲಭ. ಹಾಗೆ ಮಾಡಬಾರದು. ಪ್ರತಿ ನಿರ್ಣಯದ ಕೊನೆಯ ಕ್ರಿಯಾಪದವನ್ನು ಚಿತ್ರದಲ್ಲಿ ನೋಡಿಯೇ ಬರೆಯಿರಿ. 12 ಪುಟದಲ್ಲಿ ಏಳೆಂಟು ನಿರ್ಣಯ ಇರಬಹುದು, ದೊಡ್ಡ ಕೆಲಸವಲ್ಲ.

ಎಲ್ಲಿ ನೋಡಬೇಕು ಅಂತ ಟೆಸ್ಸೆರಾಕ್ಟೇ ಸ್ವಲ್ಪ ಹೇಳುತ್ತದೆ. ಪುಟದ ಚಿತ್ರ ತೆಗೆದು `tesseract p5.png p5 -l kan+eng tsv` ಅಂತ ಓಡಿಸಿದರೆ ಪ್ರತಿ ಪದಕ್ಕೂ 100ಕ್ಕೆ ಇಷ್ಟು ಅಂತ ಒಂದು ಭರವಸೆಯ ಅಂಕ ಬರುತ್ತದೆ. ಪುಟದ ಸರಾಸರಿ ನೋಡಬೇಡಿ. ಮುನ್ನೂರು ಪದ ಚೆನ್ನಾಗಿದ್ದರೆ ಒಂದು ಕೆಟ್ಟ ಮೊತ್ತ ಸರಾಸರಿಯಲ್ಲಿ ಮುಚ್ಚಿಹೋಗುತ್ತದೆ. ಅಂಕಿ ಇರುವ ಪದಗಳ ಅಂಕವನ್ನು ಬೇರೆಯಾಗಿ ತೆಗೆದು ನೋಡಿ. ತಪ್ಪಾಗಿ ಓದಿದ ಪದಕ್ಕೂ ಕೆಲವೊಮ್ಮೆ ಹೆಚ್ಚು ಅಂಕ ಬರುತ್ತದೆ, ಹಾಗಾಗಿ ಅಂಕ ಚೆನ್ನಾಗಿದೆ ಅಂತ ಮೊತ್ತದ ತಾಳೆ ಬಿಡುವ ಹಾಗಿಲ್ಲ.

ಕೈಬರಹ ಬೇರೆಯೇ ಕಥೆ. ಟೆಸ್ಸೆರಾಕ್ಟ್ ಮುದ್ರಿತ ಅಕ್ಷರಕ್ಕೆ ಮಾಡಿದ್ದು. 9ನೇ ಪುಟದ ಅಂಚಿನಲ್ಲಿ ಅಧ್ಯಕ್ಷರು ಪೆನ್ನಿನಲ್ಲಿ ತಿದ್ದುಪಡಿ ಬರೆದಿದ್ದರೆ ಅದು ಕಸವಾಗಿ ಬರುತ್ತದೆ ಅಥವಾ ಬರುವುದೇ ಇಲ್ಲ. ಆದರೆ ಟೈಪ್ ಆದ ಸಾಲನ್ನು ಬದಲಿಸುವುದು ಆ ತಿದ್ದುಪಡಿಯೇ ಅಲ್ವಾ? ಕಣ್ಣಿಂದ ಓದಲು ಆದರೆ ಓದಿ ಸೇರಿಸಿ. ಆಗದಿದ್ದರೆ ಆ ನಿರ್ಣಯವನ್ನು ಖಚಿತವಾಗಿ ಹೇಳಬೇಡಿ.

ಸಾರಾಂಶ ಕಳಿಸುವಾಗ ಮೇಲೆ ಎರಡು ಮೂರು ಸಾಲು ಹೀಗೆ ಇರಲಿ: "ನೀವು ಕಳಿಸಿದ ಫೈಲ್‌ನಲ್ಲಿ ಪುಟಗಳ ಫೋಟೊ ಮಾತ್ರ ಇತ್ತು. ಅಕ್ಷರಗಳನ್ನು ಗುರುತಿಸಿ ಓದಿ ಈ ಸಾರಾಂಶ ಬರೆದಿದೆ. ಮೊತ್ತಗಳನ್ನೂ ನಿರ್ಣಯಗಳನ್ನೂ ಮೂಲ ಪುಟದೊಂದಿಗೆ ತಾಳೆ ನೋಡಿದೆ. 9ನೇ ಪುಟದ ಕೈಬರಹದ ತಿದ್ದುಪಡಿ ಓದಲಾಗಲಿಲ್ಲ, ಅದು 6ನೇ ನಿರ್ಣಯಕ್ಕೆ ಸೇರಿದ್ದು." ಒಳಗೆ ಪ್ರತಿ ತೀರ್ಮಾನದ ಪಕ್ಕ ಪುಟ ಸಂಖ್ಯೆ ಹಾಕಿ. ಜೊತೆಗೆ `odida.pdf` ಕೂಡ ಕಳಿಸಿ, ಅದರಲ್ಲಿ ಅವರು ಪದ ಹುಡುಕಬಹುದು. 9ನೇ ಪುಟದ ಫೋಟೊ ಇನ್ನೊಮ್ಮೆ, ಹತ್ತಿರದಿಂದ, ನೆರಳು ಬೀಳದ ಹಾಗೆ ತೆಗೆದು ಕಳಿಸಲು ಹೇಳಿ. ಅದು ಬಂದಾಗ 6ನೇ ನಿರ್ಣಯದ ಸಾಲು ತಿದ್ದಿದರೆ ಸಾಕು.