ತಪ್ಪುಗಳ ಪುಸ್ತಕಕ್ಕೆ ಅಧ್ಯಾಯದ ಹೆಸರು ಸಾಲದು

ಕೊಡಗಿನಲ್ಲಿ ಕಾಫಿ ಕೊಯ್ಲು ಮುಗಿಯುವ ಹೊತ್ತಿಗೆ ದ್ವಿತೀಯ ಪಿಯು ಮಕ್ಕಳ ಮನೆಗಳಲ್ಲಿ ಅಭ್ಯಾಸ ಪತ್ರಿಕೆಗಳ ರಾಶಿ ಬೆಳೆಯುತ್ತದೆ. ಪತ್ರಿಕೆ ಬಿಡಿಸುವುದು, ಕೀ ಉತ್ತರ ನೋಡುವುದು, ತಪ್ಪಾದ ಪ್ರಶ್ನೆಯ ಪಕ್ಕದಲ್ಲಿ ‘ಗಡಿಬಿಡಿ’ ಎಂದು ಗೀಚಿ ಮುಂದಿನ ಪತ್ರಿಕೆಗೆ ಹೋಗುವುದು: ಇದು ರೂಢಿ. ಸ್ವಲ್ಪ ಶಿಸ್ತಿನ ಮಕ್ಕಳು ತಪ್ಪುಗಳಿಗೆಂದೇ ಒಂದು ಪುಸ್ತಕ ಇಡುತ್ತಾರೆ. ಪ್ರಶ್ನೆಯನ್ನು ಪೂರ್ತಿ ನಕಲು ಮಾಡಿ, ಸರಿ ಉತ್ತರವನ್ನು ಹಸಿರು ಶಾಯಿಯಲ್ಲಿ ಬರೆದು, ಮೇಲೆ ಅಧ್ಯಾಯದ ಹೆಸರು ಹಾಕುತ್ತಾರೆ. ನೋಡಲು ಚೆನ್ನಾಗಿರುತ್ತದೆ. ಆದರೆ ಭೌತಶಾಸ್ತ್ರ ಕಲಿಸುವವನಾಗಿ ಅಂಥ ಪುಸ್ತಕವನ್ನು ತಿರುವಿ ಹಾಕಿದಾಗ ನನಗೆ ಬೇಕಾದದ್ದು ಅದರಲ್ಲಿ ಸಿಗುವುದಿಲ್ಲ. ಸರಿ ಉತ್ತರ ಏನೆಂಬುದು ಕೀಯಲ್ಲೇ ಇದೆ. ತಪ್ಪು ಉತ್ತರ ಯಾವ ದಾರಿಯಲ್ಲಿ ಬಂತು ಎಂಬುದೇ ನನಗೆ ಬೇಕು.

ತಪ್ಪಿಗೂ ಒಂದು ದಾರಿ ಇರುತ್ತದೆ ಎಂಬುದನ್ನು 1978ರಲ್ಲಿ ಅಮೆರಿಕದ ಜಾನ್ ಸೀಲಿ ಬ್ರೌನ್ ಮತ್ತು ರಿಚರ್ಡ್ ಬರ್ಟನ್ ಪ್ರಾಥಮಿಕ ಶಾಲೆಯ ಕಳೆಯುವ ಲೆಕ್ಕಗಳಲ್ಲಿ ತೋರಿಸಿದರು. 52ರಿಂದ 38 ಕಳೆದು ಒಬ್ಬ ಹುಡುಗ 26 ಎಂದು ಬರೆಯುತ್ತಾನೆ ಎಂದುಕೊಳ್ಳಿ. ಅವನಿಗೆ ಗಮನವಿಲ್ಲ ಎಂದು ಗದರಿಸುವುದು ಸುಲಭ. ಆದರೆ ಅವನು ಪ್ರತಿ ಸ್ಥಾನದಲ್ಲೂ ದೊಡ್ಡ ಅಂಕಿಯಿಂದ ಚಿಕ್ಕ ಅಂಕಿಯನ್ನು ಕಳೆದಿದ್ದಾನೆ: 8ರಿಂದ 2, 5ರಿಂದ 3. ಅವನ ಮನಸ್ಸಿನಲ್ಲಿ ಒಂದು ನಿಯಮವಿದೆ, ಅದನ್ನು ಅವನು ತುಂಬ ಎಚ್ಚರಿಕೆಯಿಂದಲೇ ಪಾಲಿಸುತ್ತಿದ್ದಾನೆ. ಅದೇ ನಿಯಮದಿಂದ 58ರಿಂದ 32 ಕಳೆದರೆ 26 ಎಂಬ ಸರಿ ಉತ್ತರವೇ ಬರುತ್ತದೆ, ಮಾಸ್ತರರು ಪೂರ್ಣ ಅಂಕ ಕೊಡುತ್ತಾರೆ. ಸಾಲ ತೆಗೆದುಕೊಳ್ಳಬೇಕಾದ ಲೆಕ್ಕ ಬರುವ ತನಕ ಆ ಕೆಟ್ಟ ನಿಯಮ ಯಾರ ಕಣ್ಣಿಗೂ ಬೀಳದೆ ಹಾಯಾಗಿರುತ್ತದೆ.

ಪಿಯು ಮಟ್ಟದಲ್ಲೂ ಹೀಗೇ ಆಗುತ್ತದೆ. ವ್ಯತ್ಯಾಸವೆಂದರೆ ಒಂದೇ ಕೆಟ್ಟ ನಿಯಮ ಬೇರೆ ಬೇರೆ ಅಧ್ಯಾಯಗಳ ವೇಷ ಹಾಕಿಕೊಂಡು ಬರುತ್ತದೆ. ಪೊನ್ನಂಪೇಟೆ ಕಡೆಯ ಒಬ್ಬ ವಿದ್ಯಾರ್ಥಿನಿಯ ಪುಸ್ತಕ ಇದಕ್ಕೆ ಒಳ್ಳೆಯ ಉದಾಹರಣೆ. ಸಿಇಟಿ ಮಾದರಿಯ ನಾಲ್ಕು ಪತ್ರಿಕೆ ಬರೆದಿದ್ದಳು, ಒಂದೊಂದರಲ್ಲಿ 60 ಪ್ರಶ್ನೆ. ಅಧ್ಯಾಯದ ಪ್ರಕಾರ ವಿಂಗಡಿಸಿದರೆ ತಪ್ಪುಗಳು ಚೆಲ್ಲಾಪಿಲ್ಲಿಯಾಗಿದ್ದವು. ಚಲನೆಯಲ್ಲಿ ಒಂದು, ಆಂದೋಲನದಲ್ಲಿ ಒಂದು, ವಿದ್ಯುತ್ಕಾಂತೀಯ ಪ್ರೇರಣೆಯಲ್ಲಿ ಒಂದು, ಸ್ಥಿರ ವಿದ್ಯುತ್ತಿನಲ್ಲಿ ಒಂದು. ಯಾವ ಅಧ್ಯಾಯವೂ ದುರ್ಬಲ ಎನ್ನುವಂತಿರಲಿಲ್ಲ. ‘ಎಲ್ಲ ಬರುತ್ತದೆ ಸರ್, ಪರೀಕ್ಷೆಯಲ್ಲಿ ಮಾತ್ರ ಗಡಿಬಿಡಿಯಾಗುತ್ತದೆ’ ಎಂದು ಅವಳು ಹೇಳಿದ್ದರಲ್ಲಿ ಕಪಟವೇನೂ ಇರಲಿಲ್ಲ.

ಅವಳಿಗೆ ಒಂದೇ ಒಂದು ಸಾಲು ಹೆಚ್ಚಿಗೆ ಬರೆಯಲು ಹೇಳಿದೆ. ತಪ್ಪು ಉತ್ತರವನ್ನು ಬರೆದು, ಅದರ ಮುಂದೆ ‘ಏಕೆಂದರೆ’ ಎಂದು ಶುರುಮಾಡಿ ಆಗ ತನಗೆ ಏನು ಅನ್ನಿಸಿತ್ತೋ ಅದನ್ನು ಬರೆಯಬೇಕು. ಇದನ್ನು ಕೀ ನೋಡುವ ಮುಂಚೆಯೇ ಮಾಡಬೇಕು ಎಂಬುದು ಮುಖ್ಯ. ಸರಿ ಉತ್ತರ ಕಂಡ ಮೇಲೆ ನೆನಪು ಪ್ರಾಮಾಣಿಕವಾಗಿ ಉಳಿಯುವುದಿಲ್ಲ. ‘ಅಯ್ಯೋ, ಗೊತ್ತಿತ್ತು’ ಎಂಬ ಕಥೆಯನ್ನು ಅದು ತಾನೇ ಕಟ್ಟಿಕೊಳ್ಳುತ್ತದೆ. ಆದರೆ ಕೀ ನೋಡುವ ಮುಂಚೆ ಯಾವುದು ತಪ್ಪೆಂದು ಗೊತ್ತಿರುವುದಿಲ್ಲವಲ್ಲ? ಅದಕ್ಕೆ ಪತ್ರಿಕೆ ಬಿಡಿಸುವಾಗಲೇ ಪ್ರತಿ ಉತ್ತರದ ಪಕ್ಕ ಒಂದು ಅಕ್ಷರ ಹಾಕಿದರಾಯಿತು: ಖಚಿತವಿದ್ದರೆ ಖ, ಅನುಮಾನವಿದ್ದರೆ ಅ, ಊಹೆಯಾದರೆ ಊ. ಮುಗಿದ ಮೇಲೆ, ಲೆಕ್ಕ ಹಾಕದೆ ಬರೀ ತರ್ಕದಿಂದ ಉತ್ತರಿಸಿದ ಪ್ರಶ್ನೆಗಳಿಗೆಲ್ಲ ಕಾರಣದ ಸಾಲು ಬರೆಯಬೇಕು. ಲೆಕ್ಕದ ಪ್ರಶ್ನೆಗಳಿಗೆ ಕಚ್ಚಾ ಹಾಳೆಯೇ ಸಾಕ್ಷಿ, ಅದನ್ನು ಎಸೆಯದಿದ್ದರೆ ಸಾಕು.

ಮುಂದಿನ ಪತ್ರಿಕೆಗಳಲ್ಲಿ ಅವಳ ಪುಸ್ತಕದಲ್ಲಿ ಇಂಥ ಸಾಲುಗಳು ಬಂದವು. ನೇರವಾಗಿ ಮೇಲಕ್ಕೆ ಎಸೆದ ಕಲ್ಲಿನ ವೇಗೋತ್ಕರ್ಷ ಅತಿ ಎತ್ತರದ ಬಿಂದುವಿನಲ್ಲಿ ಎಷ್ಟು? ‘ಸೊನ್ನೆ, ಏಕೆಂದರೆ ಅಲ್ಲಿ ಕಲ್ಲು ಒಂದು ಕ್ಷಣ ನಿಂತಿರುತ್ತದೆ.’ ಲೋಲಕದ ಗುಂಡು ಒಂದು ತುದಿ ಮುಟ್ಟಿದಾಗ? ‘ಸೊನ್ನೆ, ಏಕೆಂದರೆ ಅಲ್ಲಿ ವೇಗವಿಲ್ಲ.’ ಕಾಂತಕ್ಷೇತ್ರದಲ್ಲಿ ತಿರುಗುವ ಸುರುಳಿಯ ಸಮತಲ ಕ್ಷೇತ್ರಕ್ಕೆ ಲಂಬವಾಗಿದ್ದಾಗ ಪ್ರೇರಿತ ವೋಲ್ಟೇಜ್ ಎಷ್ಟು? ‘ಗರಿಷ್ಠ, ಏಕೆಂದರೆ ಆಗ ಫ್ಲಕ್ಸ್ ಗರಿಷ್ಠ.’ ಸಮಾನವಾದ ಧನ ಮತ್ತು ಋಣ ಆವೇಶಗಳ ನಟ್ಟನಡುವೆ ವಿದ್ಯುತ್ ಕ್ಷೇತ್ರ? ‘ಸೊನ್ನೆ, ಏಕೆಂದರೆ ಅಲ್ಲಿ ವಿಭವ ಸೊನ್ನೆ.’

ನಾಲ್ಕೂ ತಪ್ಪು. ನಾಲ್ಕರ ಪಕ್ಕದಲ್ಲೂ ಖ ಎಂದೇ ಇತ್ತು. ಅಧ್ಯಾಯದ ಹೆಸರನ್ನು ಮುಚ್ಚಿ ಬರೀ ‘ಏಕೆಂದರೆ’ ಸಾಲುಗಳನ್ನು ಒಂದರ ಕೆಳಗೊಂದು ಓದಿದರೆ ಒಂದೇ ದನಿ ಕೇಳಿಸುತ್ತದೆ. ಒಂದು ಪರಿಮಾಣ ಎಷ್ಟಿದೆ ಎಂಬುದನ್ನೂ ಅದು ಎಷ್ಟು ಬೇಗ ಬದಲಾಗುತ್ತಿದೆ ಎಂಬುದನ್ನೂ ಅವಳು ಒಂದೇ ಎಂದುಕೊಂಡಿದ್ದಾಳೆ. ಮೇಲಿನ ಬಿಂದುವಿನಲ್ಲಿ ಕಲ್ಲಿನ ವೇಗ ಸೊನ್ನೆ ನಿಜ, ಆದರೆ ಅದು ಧನದಿಂದ ಋಣಕ್ಕೆ ದಾಟುತ್ತಿರುವ ಸೊನ್ನೆ. ಬದಲಾವಣೆಯ ದರ ಎಂದಿನಂತೆ ಸೆಕೆಂಡಿಗೆ ಸೆಕೆಂಡಿಗೆ 9.8 ಮೀಟರ್, ಕೆಳಮುಖವಾಗಿ. ಲೋಲಕ ತುದಿಯಲ್ಲಿದ್ದಾಗ ಅದನ್ನು ನಡುವಿಗೆ ಎಳೆಯುವ ಬಲ ಅತಿ ಹೆಚ್ಚು. ಫ್ಲಕ್ಸ್ ಗರಿಷ್ಠವಾದ ಕ್ಷಣದಲ್ಲಿ ಅದು ಏರುವುದನ್ನು ನಿಲ್ಲಿಸಿ ಇನ್ನೂ ಇಳಿಯಲು ತೊಡಗಿರುವುದಿಲ್ಲ, ಆದ್ದರಿಂದ ವೋಲ್ಟೇಜ್ ಸೊನ್ನೆ. ವಾಷಿಂಗ್ಟನ್ ವಿಶ್ವವಿದ್ಯಾಲಯದ ಟ್ರೌಬ್ರಿಜ್ ಮತ್ತು ಲಿಲಿಯನ್ ಮೆಕ್‌ಡರ್ಮಟ್ 1980ರ ಆಸುಪಾಸಿನಲ್ಲಿ ಕಾಲೇಜು ವಿದ್ಯಾರ್ಥಿಗಳನ್ನು ಒಬ್ಬೊಬ್ಬರಾಗಿ ಮಾತನಾಡಿಸಿ, ಸ್ಥಾನ ಮತ್ತು ವೇಗ, ವೇಗ ಮತ್ತು ವೇಗೋತ್ಕರ್ಷ ಇವುಗಳ ನಡುವಿನ ಇದೇ ಗೊಂದಲವನ್ನು ದಾಖಲಿಸಿದ್ದಾರೆ. ಪೊನ್ನಂಪೇಟೆಯ ಹುಡುಗಿ ಒಬ್ಬಳೇ ಏನಲ್ಲ.

ಹಾಗಾದರೆ ನಿಜವಾದ ಗಡಿಬಿಡಿ ಎಂಬುದು ಇಲ್ಲವೇ? ಖಂಡಿತ ಇದೆ. ‘ಇವುಗಳಲ್ಲಿ ಯಾವುದು ಸರಿಯಲ್ಲ’ ಎಂಬುದನ್ನು ‘ಯಾವುದು ಸರಿ’ ಎಂದು ಓದುವುದು, 6ನ್ನು 0 ಎಂದು ಇಳಿಸಿಕೊಳ್ಳುವುದು, ಓಎಂಆರ್ ಹಾಳೆಯಲ್ಲಿ ಒಂದು ಸಾಲು ಕೆಳಗೆ ತುಂಬುವುದು ಇವೆಲ್ಲ ಆ ಜಾತಿಯವು. ಮರುದಿನ ಕೀ ಮುಚ್ಚಿಟ್ಟು ಅದೇ ಪ್ರಶ್ನೆ ಕೊಟ್ಟರೆ ಇಂಥ ತಪ್ಪು ತಾನಾಗಿಯೇ ಮಾಯವಾಗುತ್ತದೆ. ಪರಿಕಲ್ಪನೆಯ ತಪ್ಪಾದರೆ ಅದೇ ತಪ್ಪು ಉತ್ತರ ಅದೇ ಆತ್ಮವಿಶ್ವಾಸದಿಂದ ಮತ್ತೆ ಬರುತ್ತದೆ. ಇನ್ನೊಂದು ಗುರುತು, ಗಡಿಬಿಡಿಯ ತಪ್ಪುಗಳು ಪತ್ರಿಕೆಯ ಕೊನೆಯ ಹದಿನೈದು ನಿಮಿಷದಲ್ಲಿ ಗುಂಪುಗೂಡುತ್ತವೆ ಮತ್ತು ವಿಷಯದ ಹಂಗಿಲ್ಲದೆ ಎಲ್ಲೆಂದರಲ್ಲಿ ಬೀಳುತ್ತವೆ. ಚಿಹ್ನೆಯ ತಪ್ಪನ್ನೇ ನೋಡಿ. ಪ್ಲಸ್ ಮೈನಸ್ ಎಲ್ಲ ಕಡೆ ಅಷ್ಟಿಷ್ಟು ಅದಲುಬದಲಾದರೆ ಅವಸರ ಇರಬಹುದು. ಬೀಜಗಣಿತದಲ್ಲಿ ಒಂದೂ ತಪ್ಪದೆ, ಮಸೂರದ ಲೆಕ್ಕಗಳಲ್ಲಿ ಮಾತ್ರ ತಪ್ಪಿದರೆ ದೂರಗಳಿಗೆ ಚಿಹ್ನೆ ಕೊಡುವ ನಿಯಮವೇ ತಲೆಗೆ ಹೋಗಿಲ್ಲ ಎಂದರ್ಥ, ಅದಕ್ಕೆ ಗಡಿಬಿಡಿ ಎಂಬ ಹೆಸರು ಕೊಡುವುದು ಮೋಸ.

ನಮ್ಮ ಹುಡುಗಿಯ ಪುಸ್ತಕದಲ್ಲೂ ಇಂಥದ್ದೊಂದು ಅಡಗಿತ್ತು, ಅದೂ ಗಣಿತದ ಪುಟದಲ್ಲಿ. ಉತ್ಪನ್ನ f(x) = x² − 6x + 5 ಯಾವ x ಬೆಲೆಗೆ ಕನಿಷ್ಠ? ಅವಳು f'(x) = 0 ಎಂದು ಹಾಕಿ 3 ಪಡೆಯುವ ಬದಲು f(x) = 0 ಎಂದು ಹಾಕಿ, ಬಂದ 1 ಮತ್ತು 5ರಲ್ಲಿ ಚಿಕ್ಕದಾದ 1ನ್ನು ಆರಿಸಿದ್ದಳು. ಪಕ್ಕದಲ್ಲಿ ‘ಅವಸರದಲ್ಲಿ ಡ್ಯಾಷ್ ಬಿಟ್ಟುಹೋಯಿತು’ ಎಂಬ ಟಿಪ್ಪಣಿ. ಒಂಟಿಯಾಗಿ ನೋಡಿದರೆ ನಾನೂ ನಂಬುತ್ತಿದ್ದೆ. ಆದರೆ ಆ ನಾಲ್ಕು ಸಾಲುಗಳನ್ನು ಓದಿದ ಮೇಲೆ ಇದೂ ಅದೇ ಮನೆಯ ಕೂಸು ಎಂಬ ಅನುಮಾನ ಬರದಿರುತ್ತದೆಯೇ?

ಅನುಮಾನವನ್ನು ತೀರ್ಮಾನಿಸಲು ಹೊಸ ಪ್ರಶ್ನೆ ಬೇಕು, ಸೂತ್ರದ ವಾಸನೆ ಇಲ್ಲದ್ದು. ಮಳೆಗಾಲದಲ್ಲಿ ಹಾರಂಗಿಯ ನೀರಿನ ಮಟ್ಟ ಮತ್ತು ಒಳಹರಿವು ಹೊರಹರಿವುಗಳ ಅಂಕಿಗಳನ್ನು ಪತ್ರಿಕೆಗಳಲ್ಲಿ ಓದದವರು ಇಲ್ಲಿ ಯಾರಿದ್ದಾರೆ? ಗರಿಷ್ಠ ಮಟ್ಟ 2,859 ಅಡಿ ಎಂಬುದು ಅನೇಕರಿಗೆ ಬಾಯಿಪಾಠ. ಕೇಳಿದೆ: ಜಲಾಶಯದ ಮಟ್ಟ ಎರಡು ದಿನ ಏರಿ, ಮಂಗಳವಾರ ಮಧ್ಯಾಹ್ನ ತುತ್ತತುದಿ ಮುಟ್ಟಿ, ಆಮೇಲೆ ಇಳಿಯಿತು, ಗೇಟುಗಳನ್ನು ಯಾರೂ ಮುಟ್ಟಿಲ್ಲ, ಒಳಹರಿವು ಅತಿ ಹೆಚ್ಚಿದ್ದದ್ದು ಯಾವಾಗ? ‘ಮಂಗಳವಾರ ಮಧ್ಯಾಹ್ನ’ ಎಂದಳು, ತಡವರಿಸದೆ. ಮಟ್ಟ ಏರಲು ಒಳಹರಿವು ಹೊರಹರಿವಿಗಿಂತ ಹೆಚ್ಚಿರಬೇಕು, ಇಳಿಯಲು ಕಡಿಮೆ ಇರಬೇಕು. ತುತ್ತತುದಿಯಲ್ಲಿ ಎರಡೂ ಸಮ. ಒಳಹರಿವಿನ ಅಬ್ಬರ ಅದಕ್ಕೂ ಮೊದಲೇ, ಮಟ್ಟ ಇನ್ನೂ ಏರುತ್ತಿದ್ದಾಗಲೇ, ತಗ್ಗತೊಡಗಿರುತ್ತದೆ. ಚಲನೆಯೂ ಅಲ್ಲದ, ಸುರುಳಿಯೂ ಅಲ್ಲದ ಕಡೆ ಅದೇ ತಪ್ಪು ಮರಳಿ ಬಂದದ್ದರಿಂದ ರೋಗ ಖಾತ್ರಿಯಾಯಿತು.

ಪರಿಹಾರಕ್ಕೆ ನಾಲ್ಕು ಅಧ್ಯಾಯಗಳನ್ನು ಮತ್ತೆ ಓದಿಸಲಿಲ್ಲ. ಒಂದರ ಕೆಳಗೆ ಒಂದು ಎರಡು ನಕ್ಷೆ ಬಿಡಿಸುವುದಷ್ಟೇ ಕೆಲಸ: ಮೇಲೆ ಜಲಾಶಯದ ಮಟ್ಟ, ಕೆಳಗೆ ಒಳಹರಿವಿನಿಂದ ಹೊರಹರಿವನ್ನು ಕಳೆದದ್ದು. ಮೇಲಿನ ಗೆರೆಯ ಶಿಖರದಿಂದ ನೇರ ಕೆಳಗೆ ಸ್ಕೇಲು ಇಟ್ಟರೆ ಕೆಳಗಿನ ಗೆರೆ ಸೊನ್ನೆಯನ್ನು ದಾಟುವ ಜಾಗ ಸಿಗುತ್ತದೆ. ಆಮೇಲೆ ಅದೇ ಜೋಡಿಯನ್ನು ಕಲ್ಲಿನ ವೇಗ ಮತ್ತು ವೇಗೋತ್ಕರ್ಷಕ್ಕೆ, ಫ್ಲಕ್ಸ್ ಮತ್ತು ವೋಲ್ಟೇಜಿಗೆ, f ಮತ್ತು f'ಗೆ ಅವಳೇ ಬಿಡಿಸಿದಳು.

ಈ ಪದ್ಧತಿಗೂ ಮಿತಿಗಳಿವೆ. ಒಂದು ತಪ್ಪಿನಿಂದ ಯಾವ ನಿರ್ಣಯವೂ ಸಾಧ್ಯವಿಲ್ಲ. ಬೇರೆ ಬೇರೆ ವೇಷದಲ್ಲಿ ಎರಡು ಮೂರು ಸಲ ಕಾಣಿಸಬೇಕು. ಕಳೆಯುವ ಲೆಕ್ಕಗಳ ಮೇಲೆ ಮುಂದೆ ನಡೆದ ಕೆಲಸದಲ್ಲಿ, ಕೆಲವು ಮಕ್ಕಳು ಇವತ್ತು ಒಂದು ಕೆಟ್ಟ ನಿಯಮ, ನಾಳೆ ಇನ್ನೊಂದು ಹಿಡಿಯುವುದೂ ಕಂಡುಬಂತು. ಹಾಗಾಗಿ ಒಂದೇ ಪತ್ರಿಕೆ ನೋಡಿ ಹಣೆಪಟ್ಟಿ ಹಚ್ಚಬಾರದು. ಇನ್ನು ಸಿಇಟಿಯಲ್ಲಿ ತಪ್ಪಿಗೆ ಅಂಕ ಕಡಿತವಿಲ್ಲದ ಕಾರಣ ಎಲ್ಲರೂ ಎಲ್ಲವನ್ನೂ ತುಂಬುತ್ತಾರೆ, ನಾಲ್ಕು ಆಯ್ಕೆಗಳಲ್ಲಿ ಕಣ್ಣುಮುಚ್ಚಿ ಆರಿಸಿದರೂ ಸರಾಸರಿ ನಾಲ್ಕರಲ್ಲೊಂದು ಸರಿಯಾಗುತ್ತದೆ. ಆದ್ದರಿಂದ ಊ ಎಂದು ಗುರುತು ಹಾಕಿ ಸರಿಯಾದ ಉತ್ತರಗಳೂ ಈ ಪುಸ್ತಕಕ್ಕೆ ಬರಬೇಕು. ಅಂಕ ಎಣಿಸುವ ಖುಷಿಯಲ್ಲಿ ಇದನ್ನು ಮಾಡುವವರು ಕಡಿಮೆ.

ಕೆಲವು ವಾರ ಬಿಟ್ಟು ಬರೆದ ಪತ್ರಿಕೆಗಳಲ್ಲಿ ಕಲ್ಲು, ಲೋಲಕ, ಸುರುಳಿ ಮೂರೂ ಸರಿಯಾದವು. ವಿಭವ ಮತ್ತು ಕ್ಷೇತ್ರದ ಪ್ರಶ್ನೆ ಮಾತ್ರ ಮತ್ತೆ ತಪ್ಪಿತು, ಮತ್ತೆ ಖ. ‘ಏಕೆಂದರೆ’ ಸಾಲನ್ನು ನೋಡಿದರೆ ಕಾರಣ ಹೊಳೆಯಿತು: ‘ಏಕೆಂದರೆ ಇಲ್ಲಿ ಏನೂ ಬದಲಾಗುತ್ತಿಲ್ಲ.’ ಕಾಲದೊಂದಿಗೆ ಆಗುವ ಬದಲಾವಣೆಯನ್ನು ಅವಳು ಕಲಿತಿದ್ದಳು. ವಿಭವ ಬದಲಾಗುವುದು ಜಾಗದಿಂದ ಜಾಗಕ್ಕೆ, ಧನ ಆವೇಶದಿಂದ ಋಣ ಆವೇಶದತ್ತ ಸಾಗಿದಂತೆ. ನಡುಬಿಂದುವಿನಲ್ಲಿ ಅದು ಸೊನ್ನೆಯನ್ನು ದಾಟಿ ಇಳಿಯುತ್ತಲೇ ಇರುತ್ತದೆ, ಆ ಇಳಿಜಾರೇ ಕ್ಷೇತ್ರ. ನಾನು ಒಂದೇ ಎಂದುಕೊಂಡಿದ್ದ ದೋಷದಲ್ಲಿ ಎರಡು ಪದರ ಇದ್ದವು. ಅವಳು ಆ ನಮೂದನ್ನು ಹೊಸ ಪುಟಕ್ಕೆ ವರ್ಗಾಯಿಸಿದಳು. ಮುಂದಿನ ಪರೀಕ್ಷಾ ಪ್ರಶ್ನೆಗೆ ಸಂಪಾಜೆಯಿಂದ ಮಡಿಕೇರಿಗೆ ಏರುವ ಘಾಟಿ ರಸ್ತೆಯನ್ನು ಆರಿಸಿಕೊಂಡೆವು: ರಸ್ತೆ ಅತಿ ಕಡಿದಾಗಿರುವ ಜಾಗವೂ ಅದರ ಅತಿ ಎತ್ತರದ ಜಾಗವೂ ಒಂದೇ ಆಗಿರಬೇಕೇ?